ನೋಡದ ಜಾಗ ಕನಸಿಗೆ ಬರೋದು ಎಲ್ಲಿಂದ?

ನನಗೆ ಆಗಾಗ ಒಂದೇ ಜಾಗದ ಕನಸು ಬೀಳುತ್ತದೆ. ಇಳಿಜಾರಿನ ಓಣಿ, ಎರಡೂ ಕಡೆ ಕಲ್ಲಿನ ಗೋಡೆ. ಕೊನೆಗೆ ಎಡಕ್ಕೆ ತಿರುವು, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು. ಆಚೆ ಕಡೆ ಮೆಟ್ಟಿಲುಗಳಿರುವ ದೊಡ್ಡ ಹೊಂಡ, ನಡುವೆ ಮಂಟಪ. ಕನಸಿನಲ್ಲಿ ಪ್ರತಿ ಸಲವೂ ‘ಓ, ಮತ್ತೆ ಇಲ್ಲಿಗೇ ಬಂದೆ’ ಅನ್ನಿಸುತ್ತದೆ. ಎಚ್ಚರದಲ್ಲಿ ಇಂಥ ಜಾಗ ನೋಡಿಲ್ಲ. ಚಿತ್ರದುರ್ಗದ ಕೋಟೆ ಇರಬೇಕು ಅಂತೀರಿ. ಅಲ್ಲ. ಕೋಟೆ ನನಗೆ ಚೆನ್ನಾಗಿ ಗೊತ್ತು. ಅಕ್ಕ-ತಂಗಿ ಹೊಂಡವೂ ಅಲ್ಲ, ಗೋಪಾಲಸ್ವಾಮಿ ಹೊಂಡವೂ ಅಲ್ಲ.

ದೊಡ್ಡಮ್ಮನ ಪ್ರಕಾರ ಇದು ಹಿಂದಿನ ಜನ್ಮದ ಊರು. ‘ದುರ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಾರಪ್ಪ’ ಅಂದರು. ಒಡೆಸಿದೆ, ಅದರಲ್ಲಿ ಕಳೆದುಕೊಳ್ಳೋದೇನೂ ಇಲ್ಲ. ಆದರೆ ಹಿಂದಿನ ಜನ್ಮಕ್ಕೆ ಹೋಗೋ ಮೊದಲು ಈ ಜನ್ಮದಲ್ಲೇ ಒಂದಿಷ್ಟು ಹುಡುಕಬಾರದೇ?

2000ರಲ್ಲಿ ಅಮೆರಿಕದ ನಿದ್ದೆ ಸಂಶೋಧಕ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಜನರಿಗೆ ಟೆಟ್ರಿಸ್ ಅನ್ನೋ, ಮೇಲಿಂದ ಬೀಳುವ ಆಕಾರಗಳನ್ನು ಜೋಡಿಸುವ ಕಂಪ್ಯೂಟರ್ ಆಟ ಆಡಿಸಿ, ನಿದ್ದೆ ಹತ್ತುವ ಹೊತ್ತಿಗೆ ಏನು ಕಂಡಿತು ಅಂತ ಕೇಳಿದರು. ಆಡಿದವರಲ್ಲಿ 5 ಜನ ನೆನಪಿನ ಶಕ್ತಿ ತೀರಾ ಹಾಳಾದವರು. ಅವರಿಗೆ ಆಟ ಆಡಿದ್ದೇ ನೆನಪಿರಲಿಲ್ಲ. ಆದರೂ ಅವರಲ್ಲಿ 3 ಜನ ಮೇಲಿಂದ ಬೀಳುವ ಆಕಾರಗಳು ಕಂಡವು ಅಂದರು. ಅಂದರೆ ‘ನಾನು ನೋಡಿದ್ದೆ’ ಅನ್ನೋ ನೆನಪು ಇಲ್ಲದಿದ್ದರೂ, ನೋಡಿದ್ದು ಕಣ್ಣ ಮುಂದೆ ಬರಬಹುದು.

ನನ್ನ ಕನಸಿಗೆ ಇನ್ನೂ ಹತ್ತಿರದ್ದು ಆನ್ ಕ್ಲಿಯರಿ ಅನ್ನೋ ಸಂಶೋಧಕಿಯ ಕೆಲಸ. 2012ರಲ್ಲಿ ಪ್ರಕಟವಾಯಿತು. ಅವರು ಕಂಪ್ಯೂಟರ್‌ನಲ್ಲಿ ಜೋಡಿ ಜೋಡಿ ಜಾಗಗಳನ್ನು ಕಟ್ಟಿದರು. ನೋಡೋಕೆ ಒಂದಕ್ಕೊಂದು ಸಂಬಂಧವೇ ಇಲ್ಲ, ಆದರೆ ಯಾವುದು ಎಲ್ಲಿದೆ ಅನ್ನೋ ನಕ್ಷೆ ಮಾತ್ರ ಎರಡರಲ್ಲೂ ಒಂದೇ. ಮೊದಲನೆಯದನ್ನು ನೋಡಿ ಮರೆತವರಿಗೆ ಎರಡನೆಯದರ ಒಳಗೆ ಹೋದಾಗ ‘ಇಲ್ಲಿಗೆ ಬಂದಿದ್ದೆ’ ಅನ್ನೋ ಭಾವನೆ ಜಾಸ್ತಿ ಬಂತು. ಯಾಕೆ ಹಾಗನ್ನಿಸಿತು ಅಂತ ಆ ನೋಡಿದವರಿಗೇ ಗೊತ್ತಿಲ್ಲ. ಸಾಮಾನು ಬದಲಾದರೂ ನಕ್ಷೆ ತಲೆಯಲ್ಲಿ ಉಳಿದಿತ್ತು.

ಇದನ್ನು ಓದಿದ ಮೇಲೆ ಅಮ್ಮನ ಹತ್ತಿರ ಹೋದೆ. ನಾನು ಹುಟ್ಟಿದಾಗ ನಮ್ಮವರು ಚಿತ್ರದುರ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದರು. ನನಗೆ ಮೂರು ತುಂಬುವ ಮೊದಲೇ ದಾವಣಗೆರೆಗೆ ಬಂದರು. ಆ ವಯಸ್ಸಿನದು ದೊಡ್ಡವರಾದ ಮೇಲೆ ಯಾರಿಗೂ ಹೇಳೋಕೆ ಬರೋ ಹಾಗೆ ಉಳಿಯೋದು ಕಷ್ಟ. ಕನಸಿನ ವಿಷಯ ಬಾಯಿ ಬಿಡದೆ, ಆ ಮನೆಯ ನಕ್ಷೆ ಬರೆದುಕೊಡು ಅಂದೆ. ಇದು ಮುಖ್ಯ. ಮೊದಲು ಕನಸು ಹೇಳಿದ್ದರೆ ಪಾಪ, ಮಗನಿಗಾಗಿ ಅಮ್ಮ ಎಲ್ಲವನ್ನೂ ಹೊಂದಿಸಿಬಿಡುತ್ತಿದ್ದಳು. ಹಾಲಿನ ಲೆಕ್ಕದ ಚೀಟಿಯ ಹಿಂದೆ ಅಮ್ಮ ಬರೆದಳು: ರಸ್ತೆಯಿಂದ ಇಳಿಜಾರಿನ ಓಣಿ, ಕೊನೆಯಲ್ಲಿ ಎಡಕ್ಕೆ ಗಿಡ್ಡ ಬಾಗಿಲು, ಒಳಗೆ ವಠಾರದ ಅಂಗಳ, ಅಂಗಳದ ನಡುವೆ ನೀರಿನ ತೊಟ್ಟಿ.

ನೋಡಿ ಮೈ ಜುಮ್ಮೆಂದಿತು. ಆಮೇಲೆ ತಣ್ಣಗೆ ಯೋಚಿಸಿದೆ. ಓಣಿ, ತಿರುವು, ಗಿಡ್ಡ ಬಾಗಿಲು, ನೀರು ಹಳೇ ಊರಿನ ಎಷ್ಟು ಮನೆಗಳಲ್ಲಿ ಇಲ್ಲ? ಹೊಂದಿದ್ದು ನಾಲ್ಕು ಗುರುತು ಅಷ್ಟೇ. ಮೆಟ್ಟಿಲೂ ಇಲ್ಲ, ಮಂಟಪವೂ ಇಲ್ಲ. ಹಾಗಾಗಿ ಸಾಬೀತಾಯಿತು ಅನ್ನಲಾರೆ. ಪೂರ್ವಜನ್ಮಕ್ಕಿಂತ ಇದನ್ನು ನಂಬೋದು ಸುಲಭ, ಅಷ್ಟು ಮಾತ್ರ ಹೇಳಬಲ್ಲೆ.

ಇನ್ನೊಂದು ಅನುಮಾನವೂ ಇದೆ. ಕನಸು ನಿಜವಾಗಿ ಮತ್ತೆ ಮತ್ತೆ ಬೀಳುತ್ತಿದೆಯಾ, ಇಲ್ಲಾ ‘ಮತ್ತೆ ಬಂದೆ’ ಅನ್ನೋ ಅನಿಸಿಕೆಯೂ ಕನಸಿನದೇ ಭಾಗವಾ? ಕನಸು ಕಾಣುವಾಗ ಪ್ರಶ್ನೆ ಕೇಳುವ ಬುದ್ಧಿ ಅರ್ಧ ಮಲಗಿರುತ್ತದೆ, ಏನು ತೋರಿಸಿದರೂ ಒಪ್ಪುತ್ತದೆ. ಅದಕ್ಕೇ ದಿಂಬಿನ ಪಕ್ಕ ನೋಟ್‌ಬುಕ್ ಇಟ್ಟೆ. ಎದ್ದ ತಕ್ಷಣ, ಮೊಬೈಲ್ ಮುಟ್ಟೋ ಮೊದಲೇ, ಹಿಂದಿನ ಪುಟ ತಿರುವದೆ ನಕ್ಷೆ ಬರೆಯೋದು. ಕೆಲವು ನಿಮಿಷ ತಡವಾದರೂ ಕನಸು ಕರಗುತ್ತದೆ, ಖಾಲಿ ಜಾಗವನ್ನು ನಾವೇ ತುಂಬುತ್ತೇವೆ. ಪುಟಗಳನ್ನು ಪಕ್ಕ ಪಕ್ಕ ಇಟ್ಟಾಗ ಇಳಿಜಾರು, ಎಡ ತಿರುವು, ನೀರು ಎಲ್ಲದರಲ್ಲೂ ಇತ್ತು. ಮಂಟಪ ಕೆಲವದರಲ್ಲಿ ಇರಲೇ ಇಲ್ಲ! ಅದು ಪ್ರತಿ ಸಲವೂ ಇತ್ತು ಅಂತ ಆಣೆ ಮಾಡಿ ಹೇಳುತ್ತಿದ್ದವನು ನಾನು.

ಮಂಟಪ ಅಂದ ಕೂಡಲೇ ಗೆಳೆಯರು ‘ಸಂತೇಬೆನ್ನೂರಿನ ಪುಷ್ಕರಣಿ ಕಣಪ್ಪ ಅದು’ ಅಂತಾರೆ. ಇರಬಹುದು. ನಮ್ಮ ಜಿಲ್ಲೆಯದೇ ಆದರೂ ನಾನು ಅಲ್ಲಿಗೆ ಹೋಗಿಲ್ಲ, ಫೋಟೊ ಮಾತ್ರ ಎಲ್ಲೋ ಕಣ್ಣಿಗೆ ಬಿದ್ದಿರುತ್ತದೆ. ವಠಾರದ ತೊಟ್ಟಿಯ ಜಾಗಕ್ಕೆ ಆ ಫೋಟೊ ಬಂದು ಕೂತಿದ್ದರೆ ಆಶ್ಚರ್ಯವೇನಿಲ್ಲ. ಒಂದು ಸಲ ಹೋಗಿ ನೋಡು ಅಂತಾರೆ, ಸದ್ಯಕ್ಕೆ ಒಲ್ಲೆ. ಒಮ್ಮೆ ಹೋಗಿ ಬಂದರೆ ಅಲ್ಲಿನ ಕಂಬ, ಮೆಟ್ಟಿಲು ಎಲ್ಲಾ ಕನಸಿಗೆ ಸೇರಿಕೊಳ್ಳುತ್ತವೆ. ಆಮೇಲೆ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ನನಗೂ ಗೊತ್ತಾಗಲ್ಲ. ನೋಟ್‌ಬುಕ್ ತುಂಬಲಿ, ಆಮೇಲೆ ಹೋಗ್ತೀನಿ.