ಅತ್ತೆಯ ಬಳೆಗಿಂತ ಮೊದಲು ಕಾರ್ಡಿನ ಸಾಲ

ಮದುವೆಯಾಗಿ ನಾಲ್ಕು ತಿಂಗಳಿಗೆ ಕುಲಶೇಖರದಲ್ಲಿ ಒಂದು ಫ್ಲ್ಯಾಟ್ ನೋಡಿದೆವು. ತುಂಬಾ ಇಷ್ಟವಾಯಿತು. ಬ್ಯಾಂಕಿಗೆ ಹೋಗಿ ಕೇಳಿದರೆ ಅಲ್ಲಿನ ಮೇಡಂ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ನಮ್ಮಿಬ್ಬರ ಸಂಬಳ 70,000. ಅದರ ಅರ್ಧದಷ್ಟು ಮಾತ್ರ ಎಲ್ಲ ಕಂತುಗಳಿಗೂ ಸೇರಿ ಹೋಗಬಹುದು, ಅಂದರೆ 35,000. ಸಾಲವೇ ಇಲ್ಲದಿದ್ದರೆ 20 ವರ್ಷಕ್ಕೆ ಸುಮಾರು 40 ಲಕ್ಷ ಸಿಗುತ್ತಿತ್ತು. ಆದರೆ ಮದುವೆಗೆಂದು ತೆಗೆದ 4 ಲಕ್ಷದ ಪರ್ಸನಲ್ ಲೋನ್‌ಗೆ ತಿಂಗಳಿಗೆ 13,700 ಹೋಗುತ್ತಿತ್ತಲ್ಲ, ಅದೊಂದರಿಂದಲೇ 40 ಇಳಿದು 24 ಲಕ್ಷಕ್ಕೆ ಬಂತು! ನಾಲ್ಕು ಲಕ್ಷದ ಸಾಲ ಹದಿನಾರು ಲಕ್ಷವನ್ನು ತಿಂದಿತ್ತು. ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಫ್ಲ್ಯಾಟ್ ಸದ್ಯಕ್ಕೆ ಬೇಡ, ಹೊಸ ಚಿನ್ನವೂ ಬೇಡ ಎಂದು ತೀರ್ಮಾನಿಸಿದೆವು. ಅದು ಕಷ್ಟವಾಗಲಿಲ್ಲ. ಯಾವ ಸಾಲ ಮೊದಲು ತೀರಿಸುವುದು ಅನ್ನುವಲ್ಲೇ ಜಗಳ ಬಂತು.

ಮದುವೆ ಖರ್ಚಿಗೆ ಅತ್ತೆಯ ನಾಲ್ಕು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು 1 ಲಕ್ಷ ತಂದಿದ್ದೆವು. ಕ್ರೆಡಿಟ್ ಕಾರ್ಡಿನಲ್ಲಿ 90,000 ಬಾಕಿ ಇತ್ತು. ಅಮ್ಮನ ಖಾಲಿ ಕೈ ನೋಡಲಾಗದು, ಮೊದಲು ಬಳೆ ಬಿಡಿಸೋಣ ಎಂದರು ಇವರು. ನನಗೂ ಹಾಗೇ ಅನಿಸುತ್ತಿತ್ತು. ಆದರೂ ಎರಡೂ ಸಾಲದ ಕಾಗದ ಪಕ್ಕಪಕ್ಕ ಇಟ್ಟು ನೋಡಿದೆವು.

ಬಳೆಯ ಸಾಲಕ್ಕೆ ವರ್ಷಕ್ಕೆ ಹತ್ತು ಪರ್ಸೆಂಟ್, ತಿಂಗಳಿಗೆ 830 ರೂಪಾಯಿ ಬಡ್ಡಿ. ಕಾರ್ಡಿಗೆ ತಿಂಗಳಿಗೇ ಮೂರೂವರೆ ಪರ್ಸೆಂಟ್. 90,000ಕ್ಕೆ 3,150 ಬಡ್ಡಿ, ಅದರ ಮೇಲೆ ಜಿಎಸ್‌ಟಿ 567. ನಾವು ಪ್ರತಿ ತಿಂಗಳು 'ಮಿನಿಮಮ್' ಎಂದು 4,500 ಕಟ್ಟಿ ನೆಮ್ಮದಿಯಾಗಿದ್ದೆವು. ಅದರಲ್ಲಿ ಅಸಲಿಗೆ ಹೋಗುತ್ತಿದ್ದದ್ದು ಎಂಟುನೂರೂ ಇಲ್ಲ. ಜೊತೆಗೆ, ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ ಬಡ್ಡಿ ಅದೇ ದಿನದಿಂದ ಶುರು. ಐವತ್ತು ದಿನದ ಬಿಡುವು ಎಲ್ಲಾ ಬಾಕಿ ತೀರಿಸುವವರಿಗೆ ಮಾತ್ರ. ಇದು ನಮಗೆ ಗೊತ್ತೇ ಇರಲಿಲ್ಲ.

ಅತ್ತೆಗೆ ನಾನೇ ಹೇಳಿದೆ. "ಬಳೆ ಎಲ್ಲಿಗೂ ಓಡಿ ಹೋಗಲ್ಲ ಮಗಾ. ಬಡ್ಡಿ ಮಾತ್ರ ತಪ್ಪಿಸ್ಬೇಡಿ" ಎಂದರು. ಹೌದು, ಅದನ್ನು ತಪ್ಪಿಸಲೇಬಾರದು. ಬಡ್ಡಿ ಕಟ್ಟದೆ ಬಿಟ್ಟರೆ ಅಡವಿಟ್ಟ ಚಿನ್ನ ಹರಾಜಿಗೆ ಹೋಗುತ್ತದೆ. ಹಾಗಾಗಿ ಸೊಸೈಟಿಗೆ ಬಡ್ಡಿಯನ್ನಷ್ಟೇ ಕಟ್ಟುತ್ತಾ, ವರ್ಷ ತುಂಬಿದಾಗ ಸಾಲವನ್ನು ನವೀಕರಿಸಿಕೊಂಡೆವು. ಕಾರ್ಡನ್ನು ಬೀರುವಿನಲ್ಲಿಟ್ಟು ತಿಂಗಳಿಗೆ 12,000 ಅದಕ್ಕೇ ಕಟ್ಟಿದೆವು. ಹತ್ತನೇ ತಿಂಗಳಿಗೆ ಬಾಕಿ ಸೊನ್ನೆ.

ನಡುವೆ ನನ್ನ ತಮ್ಮನ ಮದುವೆ ಬಂತು. ಹೊಸ ಸರ ಇಲ್ವಾ ಎಂದು ಸಂಬಂಧಿಕರು ಕೇಳಿದಾಗ ನೋವಾಯಿತು. ಆದರೆ ಸರಕ್ಕೆ ಕೊಡುವ ಮಜೂರಿ ಮತ್ತು ಜಿಎಸ್‌ಟಿ ಮಾರುವಾಗ ವಾಪಸ್ ಬರುವುದಿಲ್ಲ. ಸಾಲದ ದುಡ್ಡಲ್ಲಿ ಅದನ್ನೂ ಕೊಟ್ಟು ಮೇಲೆ ಬಡ್ಡಿ ಕಟ್ಟುವುದು ನನಗೆ ಸರಿ ಕಾಣಲಿಲ್ಲ.

ಕಾರ್ಡು ಮುಗಿದ ಮೇಲೆ ಅದೇ 12,000 ಸೊಸೈಟಿಗೆ ಹೋಯಿತು. ಒಂಬತ್ತು ತಿಂಗಳು. ಕಳೆದ ಶನಿವಾರ ಬಳೆ ಬಿಡಿಸಿ ತಂದೆವು. ಅತ್ತೆ ಸೋಪಿನ ನೀರು ಹಚ್ಚಿಕೊಂಡು ಒಂದೊಂದಾಗಿ ಹಾಕಿಕೊಂಡರು. ಇವರು ಪಕ್ಕದಲ್ಲಿ ಸುಮ್ನೆ ನಿಂತು ನೋಡುತ್ತಿದ್ದರು.

ಪರ್ಸನಲ್ ಲೋನ್‌ಗೆ ಇನ್ನೂ ಹದಿಮೂರು ಕಂತಿದೆ. ಅದು ಮುಗಿದ ಮೇಲೆ ಆ ಬ್ಯಾಂಕಿನ ಮೇಡಂ ಹತ್ತಿರ ಮತ್ತೆ ಹೋಗುತ್ತೇವೆ.