ಚಮಚ ಬಿಡಿ, ಮೊದಲು ಬಾಟಲಿ ಓದಿ

"ಮಗಳಿಗೆ ಒಂದೂವರೆ ವರ್ಷ, 10 ಕೆ.ಜಿ. ಇದ್ದಾಳೆ. ಜ್ವರದ ಸಿರಪ್ ಮನೆ ಚಮಚದಲ್ಲಿ ಒಂದು ಕೊಟ್ಟರೆ ಸಾಕಾ?"

ಅಕ್ಕಾ, ಚಮಚ ಬೇಡ್ರೀ. ನಮ್ಮ ಮನೆಯ ಎರಡು ಚಹಾ ಚಮಚಗಳನ್ನು ಸಿರಿಂಜಿನಿಂದ ಅಳೆದು ನೋಡಿದ್ದೆ. ಒಂದರಲ್ಲಿ 3 ಮಿ.ಲೀ. ಹಿಡಿಯಿತು, ಇನ್ನೊಂದರಲ್ಲಿ 6.

ಪ್ಯಾರಾಸಿಟಮಾಲ್ ಆದರೆ ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ ಲೆಕ್ಕ. ನಿಮ್ಮ ಮಗಳಿಗೆ ಹೆಚ್ಚೆಂದರೆ 150 ಮಿ.ಗ್ರಾಂ. ಇದು ಎಷ್ಟು ಮಿ.ಲೀ. ಅನ್ನೋದು ಯಾವ ಬಾಟಲಿ ಅನ್ನೋದರ ಮೇಲೆ ನಿಂತಿದೆ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇದ್ದರೆ 6 ಮಿ.ಲೀ., 250 ಇದ್ದರೆ ಬರೀ 3 ಮಿ.ಲೀ. ಡ್ರಾಪ್ಸ್ ಇನ್ನೂ ಗಟ್ಟಿ. 1 ಮಿ.ಲೀ.ನಲ್ಲೇ 100 ಮಿ.ಗ್ರಾಂ ಇರುವುದು ಸಾಮಾನ್ಯ.

ನಾವು ಎಡವಿದ್ದು ಇಲ್ಲೇ. ಕಲಬುರಗಿಯಲ್ಲಿ ಡಾಕ್ಟರು 125ರ ಸಿರಪ್ ಬರೆದು 6 ಮಿ.ಲೀ. ಅಂದಿದ್ದರು. ಅದು ಮುಗಿದಾಗ ಊರಿನ ಅಂಗಡಿಯಲ್ಲಿ 250ರದ್ದು ಕೊಟ್ಟರು. ಬಣ್ಣ ಅದೇ, ವಾಸನೆ ಅದೇ. ನಮ್ಮವ್ವ ಹಳೇ ಲೆಕ್ಕದಲ್ಲೇ 6 ಮಿ.ಲೀ. ಕುಡಿಸಿಬಿಟ್ಟಳು, ಅಂದರೆ 300 ಮಿ.ಗ್ರಾಂ. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆವು. ಒಂದೇ ಸಲ ಆದದ್ದರಿಂದ ಏನೂ ಆಗಲಿಲ್ಲ. ಇದೇ ತಪ್ಪು ಎರಡು ದಿನ ನಡೆದಿದ್ದರೆ ಲಿವರ್‌ಗೆ ಪೆಟ್ಟು ಬೀಳಬಹುದಿತ್ತು.

ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ. ಕೆನ್ನೆಯ ಒಳಬದಿಗೆ ಮೆಲ್ಲಗೆ ಬಿಡಿ. ಎರಡು ಡೋಸಿನ ನಡುವೆ ಕಡಿಮೆ ಅಂದರೂ 4 ತಾಸು ಬಿಡಿ, ದಿನಕ್ಕೆ 4 ಸಲ ದಾಟಬೇಡಿ. ನೆಗಡಿ ಸಿರಪ್ ಏನಾದರೂ ಕೊಡುತ್ತಿದ್ದೀರಾ? ಅದರಲ್ಲೂ ಪ್ಯಾರಾಸಿಟಮಾಲ್ ಇರಬಹುದು, ನೋಡಿಕೊಳ್ಳಿ.