ಮಾಸ್ಟ್ರ ಸಂಜೆ ಐದೂವರೆಯ ಅಲಾರಾಂ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೇ ಬಿಲ್ಡಿಂಗಿನಲ್ಲಿರುವ ಮಾಸ್ಟ್ರ ಮೊಬೈಲಿನಲ್ಲಿ ದಿನಾ ಸಂಜೆ 5.30ಕ್ಕೆ ಒಂದು ಅಲಾರಾಂ ಹೊಡೆಯುತ್ತದೆ. ಸ್ಕ್ರೀನಿನ ಮೇಲೆ 'ಶೆಟ್ರಿಗೆ ಫೋನ್' ಅಂತ ಬರುತ್ತದೆ. ಇದನ್ನು ಕೇಳಿದವರು ಒಬ್ಬರಲ್ಲ ಒಬ್ಬರು ಹೇಳುವುದುಂಟು: "ಹಳೇ ದೋಸ್ತನನ್ನು ನೆನಪು ಮಾಡಿಕೊಳ್ಳಲಿಕ್ಕೂ ಅಲಾರಾಂ ಬೇಕಾ? ಪ್ರೀತಿ ಇದ್ದರೆ ತಾನಾಗಿ ನೆನಪಾಗಬೇಕಪ್ಪ." ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದಕ್ಕೆ ಅವರಿಬ್ಬರ ಕತೆಯನ್ನೇ ಹೇಳಬೇಕು.

ಮಾಸ್ಟ್ರು ಹಗಲು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ, ಸಂಜೆ ಫೋರ್ಟಿನ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಮಾಡಿದವರು. ಶೆಟ್ರು ಹಗಲು ಆಫೀಸಿನಲ್ಲಿ ಗುಮಾಸ್ತರು, ಸಂಜೆ ಅದೇ ರಾತ್ರಿಶಾಲೆಯಲ್ಲಿ ಗಣಿತದ ಮಾಸ್ಟ್ರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕೈ ಒರೆಸಿಕೊಂಡು ಬಂದು ಕೂತ ಹುಡುಗರಿಗೆ ಇವರಿಬ್ಬರೂ ಅಕ್ಷರ, ಲೆಕ್ಕ ಕಲಿಸಿದರು. ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದು ವಿ.ಟಿ. ಸ್ಟೇಷನ್ನಿಗೆ ಬಂದು, ಡೊಂಬಿವಲಿಗೆ ಒಂದೇ ಲೋಕಲ್ ಹಿಡಿಯುತ್ತಿದ್ದರು. ದಾದರಿನಲ್ಲಿ ಜನ ನುಗ್ಗುವಾಗ ಶೆಟ್ರು ಮೂವರ ಬೆಂಚಿನ ತುದಿಯಲ್ಲಿ ಸಿಕ್ಕ ತಮ್ಮ ಫೋರ್ತ್ ಸೀಟನ್ನು ಮಾಸ್ಟ್ರಿಗೆ ಬಿಟ್ಟು ಎದ್ದು ನಿಲ್ಲುವುದು, ಠಾಣೆ ಬಂದ ಮೇಲೆ ಮಾಸ್ಟ್ರು ಎದ್ದು ಅವರನ್ನು ಕೂರಿಸುವುದು. ವರ್ಷಗಟ್ಟಲೆ ಹೀಗೇ ನಡೆಯಿತು. ಇವತ್ತು ಶೆಟ್ರ ಹತ್ತಿರ ಮಾತಾಡಬೇಕು ಅಂತ ಮಾಸ್ಟ್ರು ಒಂದು ದಿನವೂ ತೀರ್ಮಾನ ಮಾಡಿದವರಲ್ಲ. ಮಾಡುವ ಅಗತ್ಯವೇ ಇರಲಿಲ್ಲ. ರೈಲಿನ ಟೈಮ್‌ಟೇಬಲ್ ಅವರಿಬ್ಬರನ್ನೂ ತಂದು ಒಂದೇ ಬೆಂಚಿನಲ್ಲಿ ಕೂರಿಸುತ್ತಿತ್ತು.

ಶೆಟ್ರು ರಿಟೈರ್ ಆಗಿ ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತಿ ಕುಂದಾಪುರದ ಕಡೆ ಊರಿಗೆ ಹೋದ ಮೇಲೆ ಆ ಟೈಮ್‌ಟೇಬಲ್ ಹೋಯಿತು. ಗೆಳೆತನ ಎಲ್ಲೂ ಹೋಗಲಿಲ್ಲ. ಮೊದಮೊದಲು ವಾರಕ್ಕೊಂದು ಫೋನ್, ಆಮೇಲೆ ಹಬ್ಬಕ್ಕೆ, ಆಮೇಲೆ ಯಾರಾದರೂ ತೀರಿಕೊಂಡರೆ. ಬೆಳಿಗ್ಗೆ ನೆನಪಾದರೆ 'ಈಗ ಸ್ನಾನಕ್ಕೆ ಹೋಗಿರ್ತಾರೆ', ರಾತ್ರಿ ನೆನಪಾದರೆ 'ಇಷ್ಟೊತ್ತಿಗೆ ಮಲಗಿರ್ತಾರೆ'. ವಯಸ್ಸಾದವರು ಹತ್ತಿರದವರಿಗೆ ಫೋನ್ ಮಾಡದಿರುವುದಕ್ಕೆ ನಾನು ಕಂಡ ಹಾಗೆ ಮರೆವಿಗಿಂತ ಈ ಸಂಕೋಚವೇ ದೊಡ್ಡ ಕಾರಣ. ನೆನಪು ಬರುತ್ತದೆ, ಹೊತ್ತು ಮಾತ್ರ ಕೂಡಿಬರುವುದಿಲ್ಲ.

ಮಾಸ್ಟ್ರು ಮೊದಲು ಮೊಬೈಲಿನ ಕ್ಯಾಲೆಂಡರಿನಲ್ಲಿ ದಿನಾ ಬರುವ ಹಾಗೆ ಒಂದು ರಿಮೈಂಡರ್ ಇಟ್ಟುಕೊಂಡಿದ್ದರು. ಅದು ಒಂದು ಸಲ 'ಟಿಂಗ್' ಅಂದು ಸುಮ್ಮನಾಗುತ್ತಿತ್ತು. ವಾಟ್ಸಾಪಿನ ಶುಭೋದಯ, ಬ್ಯಾಂಕಿನ ಮೆಸೇಜು, ಅವುಗಳ ನಡುವೆ ಇದೂ ಒಂದು. ರಾತ್ರಿ ಎಲ್ಲವನ್ನೂ ಒಟ್ಟಿಗೆ ಒರೆಸಿ ಹಾಕುವಾಗ ಅದೂ ಹೋಗುತ್ತಿತ್ತು. ಹಾಗಾಗಿ ಗಡಿಯಾರದ ಆ್ಯಪಿನಲ್ಲಿ ಅಲಾರಾಮೇ ಇಡೋಣ ಎಂದು ಇಬ್ಬರೂ ಕೂತೆವು. ಸಮಯ ಹಾಕಿ, ಕೆಳಗಿನ ವಾರದ ಏಳೂ ದಿನಗಳನ್ನು ಒತ್ತಿ, ಹೆಸರಿನ ಜಾಗದಲ್ಲಿ ಕನ್ನಡದಲ್ಲೇ 'ಶೆಟ್ರಿಗೆ ಫೋನ್' ಅಂತ ಬರೆದರೆ ಆಯಿತು. ಅಲಾರಾಮಿನ ಸದ್ದು ರಿಂಗಿನ ಸದ್ದಿಗಿಂತ ಬೇರೆ. ಫೋನ್ ಸೈಲೆಂಟ್ ಇದ್ದರೂ ಅದು ಹೊಡೆಯುತ್ತದೆ, ಒಂದು 'ಟಿಂಗ್'ಗೆ ಸುಮ್ಮನಾಗುವುದಿಲ್ಲ. ಆದರೆ ಅದರ ವಾಲ್ಯೂಮನ್ನು ಸೆಟ್ಟಿಂಗಿನಲ್ಲಿ ಬೇರೆಯಾಗಿಯೇ ಏರಿಸಬೇಕು. ಮನೆಯ ದೊಡ್ಡವರಿಗೆ ಇಟ್ಟುಕೊಡುವವರು ಇದೊಂದನ್ನು ನೋಡಿ.

ಸಮಯ ಯಾವುದು ಅನ್ನುವುದೇ ಕಷ್ಟದ ಮಾತಾಯಿತು. ಮಾಸ್ಟ್ರು ತಮಗೆ ಬಿಡುವಿರುವ ಮಧ್ಯಾಹ್ನ ಮೂರು ಗಂಟೆ ಅಂದರು. ಆ ಹೊತ್ತಿಗೆ ಶೆಟ್ರು ಗಂಜಿ ಉಂಡು ಮಲಗಿರುತ್ತಾರೆ, ಎದ್ದು ಮಾತಾಡಿದರೂ ಬರೀ 'ಹಾಂ ಹೂಂ'. ಏಳು ಗಂಟೆ ಅಂದರೆ ಅಲ್ಲಿ ದೀಪ ಹಚ್ಚುವ, ಭಜನೆಯ ಹೊತ್ತು. ಕೊನೆಗೆ ಶೆಟ್ರನ್ನೇ ಕೇಳಿದಾಗ, "ಐದೂವರೆ ಮಾರಾಯ್ರೆ. ಚಾ ಕುಡ್ದ್ ಜಗಲಿಯಲ್ಲಿ ಕೂತಿರ್ತೆ" ಅಂದರು. ಗಂಟೆ ಗೊತ್ತುಮಾಡುವಾಗ ಫೋನ್ ಹೋಗುವ ಮನೆಯ ದಿನಚರಿ ನೋಡಬೇಕು ಅನ್ನುವುದು ಆಗ ನಮಗೆ ತಿಳಿಯಿತು.

ಆಮೇಲೂ ಒಂದು ತೊಂದರೆ ಶುರುವಾಯಿತು. ಕೆಲವು ವಾರದ ಮೇಲೆ ಮಾಸ್ಟ್ರ ಬೆರಳು ಅಲಾರಾಂ ಹೊಡೆದ ಕೂಡಲೇ ತಾನಾಗಿ ಸ್ಟಾಪ್ ಒತ್ತುತ್ತಿತ್ತು. 'ಪೇಪರ್ ಓದಿ ಮುಗಿಸಿ ಮಾಡ್ತೇನೆ' ಅಂದುಕೊಳ್ಳುವುದು, ಪೇಪರ್ ಮುಗಿಯುವಾಗ ಯಾರೋ ಬರುವುದು. ಕಾಲ್ ಪಟ್ಟಿ ತೆಗೆದು ನೋಡಿದಾಗ ಅಲಾರಾಂ ಹೊಡೆದ ಎಷ್ಟೋ ದಿನಗಳಲ್ಲಿ ಶೆಟ್ರ ಹೆಸರೇ ಇರಲಿಲ್ಲ. ಅಲಾರಾಂ ಕೆಲಸ ಮಾಡುತ್ತಿದೆಯೋ ಇಲ್ಲವೋ ಎನ್ನುವುದು ಆ ಪಟ್ಟಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಮಾಸ್ಟ್ರು ಶಾಲೆಯಲ್ಲಿ ಹುಡುಗರಿಗೆ ಹಾಕಿದಂಥ ಶಿಸ್ತನ್ನೇ ತಮಗೂ ಹಾಕಿಕೊಂಡರು. ಫೋನ್ ಮಾಡಿದ ಮೇಲೆಯೇ ಸ್ಟಾಪ್, ಅಲ್ಲಿಯ ತನಕ ಸ್ನೂಜ್. ಹತ್ತು ನಿಮಿಷಕ್ಕೊಮ್ಮೆ ಅದು ಮತ್ತೆ ಕೂಗುತ್ತದೆ, ಕೂಗಲಿ. ಅಲಾರಾಮಿನ ಹೆಸರನ್ನೂ ಅವರು ಆಗಾಗ ಬದಲಾಯಿಸತೊಡಗಿದರು. 'ಶೆಟ್ರಿಗೆ ಫೋನ್, ಕಣ್ಣಿನ ಡಾಕ್ಟ್ರು ಏನಂದ್ರು?' 'ಶೆಟ್ರಿಗೆ ಫೋನ್, ಗಬ್ಬದ ದನ ಕರು ಹಾಕ್ತಾ?' ಹಿಂದಿನ ದಿನದ ಮಾತಿನಲ್ಲಿ ಅರ್ಧಕ್ಕೆ ನಿಂತದ್ದನ್ನು ಅಲ್ಲಿ ಬರೆದಿಡುತ್ತಾರೆ. ದಿನಾ ಫೋನ್ ಮಾಡಿದರೆ ಮಾತಾಡಲಿಕ್ಕೆ ಏನಿರುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ತಿಂಗಳಿಗೊಮ್ಮೆ ಮಾತಾಡುವವರ ಹತ್ತಿರ ದೊಡ್ಡ ಸುದ್ದಿ ಮಾತ್ರ ಇರುತ್ತದೆ. ದನದ ಕರುವಿನ ಸುದ್ದಿ ದಿನಾ ಮಾತಾಡುವವರಿಗೇ ಸಿಗುವುದು.

ಮಾಸ್ಟ್ರ ಮೊಮ್ಮಗ ಬುದ್ಧಿವಂತ. "ಅಜ್ಜಾ, ಟೈಮಿಗೆ ಸರಿಯಾಗಿ ಕಾಲ್ ತಾನಾಗಿ ಹೋಗೋ ಹಾಗೆ ಮಾಡಿಕೊಡ್ತೀನಿ" ಅಂದ. ಮಾಸ್ಟ್ರು ಬೇಡ ಅಂದರು. "ನೆನಪು ಮಾಡೋದು ಮಿಷನ್ ಮಾಡ್ಲಿ ಮಗಾ, ಕರೆಯೋದು ನಾನೇ ಕರೀಬೇಕು." ನನ್ನ ಗೆರೆಯೂ ಅಲ್ಲೇ ಇದೆ. ಅಲಾರಾಂ ಹೊಡೆದ ಮೇಲೂ ಫೋನ್ ಮಾಡದೇ ಇರುವ ಸ್ವಾತಂತ್ರ್ಯ ಮಾಸ್ಟ್ರಿಗೆ ದಿನಾ ಇದೆ, ದಿನಾ ಅವರು ಮಾಡುತ್ತಾರೆ. ಅದಕ್ಕಿಂತ ಹೆಚ್ಚಿನ ಪ್ರೀತಿಯನ್ನು ಯಾವ ಅಳತೆಯಲ್ಲಿ ಅಳೆಯುವುದು ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ಮಾತ್ರ ಈ ವ್ಯವಸ್ಥೆ ಸೋಲುತ್ತದೆ. ಅಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಫೋನ್ ಹೋಗುವುದೇ ಇಲ್ಲ. ಕಳೆದ ಮಳೆಗಾಲದಲ್ಲಿ ಹೀಗೆ ಸಾಲಾಗಿ ಕೆಲವು ದಿನ ಶೆಟ್ರು ಸಿಗದಿದ್ದಾಗ ಮಾಸ್ಟ್ರು ಊಟ ಬಿಡುವುದೊಂದು ಬಾಕಿ. ದಿನಾ ಮಾತಾಡುವ ಅಭ್ಯಾಸಕ್ಕೆ ಈ ಹೆದರಿಕೆಯೂ ಅಂಟಿಕೊಂಡು ಬರುತ್ತದೆ. ಹಾಗಾಗಿ ಈಗ ಶೆಟ್ರ ಸೊಸೆಯ ನಂಬರು, ಪಕ್ಕದ ಮನೆಯ ನಂಬರು ಎರಡನ್ನೂ ಬರೆದು ಗೋಡೆಗೆ ಅಂಟಿಸಿದ್ದಾರೆ. ಶೆಟ್ರ ಫೋನ್ ಹತ್ತದಿದ್ದರೆ ಸೊಸೆಗೆ, ಅವಳದೂ ಹತ್ತದಿದ್ದರೆ ಪಕ್ಕದ ಮನೆಗೆ. ಮೂರೂ ಹತ್ತದಿದ್ದರೆ ಊರಿನಲ್ಲೇ ಕರೆಂಟಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ.

ಅಲಾರಾಂ ಇಟ್ಟಿರುವ ವಿಷಯವನ್ನು ಶೆಟ್ರಿಗೆ ಹೇಳಬೇಕೋ ಬೇಡವೋ ಎಂದು ಮಾಸ್ಟ್ರು ಬಹಳ ದಿನ ಅಳುಕಿದ್ದರು, ಬೇಜಾರು ಮಾಡಿಕೊಂಡಾರು ಅಂತ. ಕೊನೆಗೊಂದು ದಿನ ಹೇಳಿಯೇ ಬಿಟ್ಟರು. ಶೆಟ್ರು ಅಳಿಯನನ್ನು ಕರೆದು ತಮ್ಮ ಫೋನಿಗೂ ಒಂದು ಹಾಕಿಸಿಕೊಂಡರು, 5.20ಕ್ಕೆ. ಅವರ ಮನೆಯೊಳಗೆ ರೇಂಜ್ ಇಲ್ಲ, ಜಗಲಿಯ ತೆಂಕು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಚಾ ಮುಗಿಸಿ ಕುರ್ಚಿ ಎಳೆದುಕೊಂಡು ಅಲ್ಲಿಗೆ ಹೋಗಲಿಕ್ಕೆ ಅವರಿಗೆ ಹತ್ತು ನಿಮಿಷ ಬೇಕಂತೆ. ಐದೂ ನಲವತ್ತರ ತನಕ ಈ ಕಡೆಯಿಂದ ಫೋನ್ ಹೋಗದಿದ್ದರೆ ಅವರೇ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ.